ಫೋಟೊದಲ್ಲಿ ಬಂದ ಹೆಣಿಗೆ ಪ್ಯಾಟರ್ನನ್ನು ಸಾಲುಸಾಲಾಗಿ ಬಿಡಿಸಿ ಬರೆಯುವ ಕ್ರಮ

ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯಿಂದ ನನಗೆ ಬರುವ ಹೆಣಿಗೆ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. ಯಾರೋ ಕಳಿಸಿದ ಪ್ಯಾಟರ್ನ್ ಹಾಳೆಯ ಫೋಟೊ, ಅದರ ಕೆಳಗೆ "ಅಕ್ಕಾ, ಮೂರನೇ ಸಾಲಲ್ಲಿ ಲೆಕ್ಕಾನೇ ಸೇರ್ತಿಲ್ಲ" ಅಂತ ಒಂದು ಮಾತು. ವಿಚಾರಿಸಿದರೆ ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡು, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದುತ್ತಾ, ಸಂಕ್ಷೇಪಗಳನ್ನು ಮನಸ್ಸಿನಲ್ಲೇ ಬಿಡಿಸುತ್ತಾ ಹೆಣೆದಿರುತ್ತಾರೆ. ಓದುವುದು, ಬಿಡಿಸುವುದು, ಎಣಿಸುವುದು, ಹೆಣೆಯುವುದು ನಾಲ್ಕೂ ಒಟ್ಟಿಗೆ ನಡೆದರೆ ಹೊಸಬರಿಗೆ ಎಲ್ಲೋ ಒಂದು ಕಡೆ ಜಾರಿಯೇ ಜಾರುತ್ತದೆ. ಕಡ್ಡಿ ಹಿಡಿಯುವ ಮೊದಲೇ ಪ್ಯಾಟರ್ನನ್ನು ಕಾಗದದ ಮೇಲೆ ಪೂರ್ತಿ ಬಿಡಿಸಿ ಬರೆದು, ಪ್ರತಿ ಸಾಲಿನ ಲೆಕ್ಕ ಹಾಕಿಟ್ಟುಕೊಂಡರೆ ಈ ಗೊಂದಲ ಬಹುಮಟ್ಟಿಗೆ ಇರುವುದಿಲ್ಲ.

ಸೀದಾ, ಉಲ್ಟಾ ಎರಡೂ ಹೆಣಿಗೆ ಕೈಗೆ ಬಂದಿರುವವರಿಗಾಗಿ ಇದನ್ನು ಬರೆದಿದ್ದೇನೆ. ಕಡ್ಡಿ ಮೇಲಿರುವ ಒಂದೊಂದು ಸ್ಟಿಚ್ಚಿಗೆ ಕುಣಿಕೆ ಎನ್ನುತ್ತೇನೆ. ಹೆಣೆದ ಬಟ್ಟೆಯ ಎರಡು ಮುಖಗಳಿಗೆ ಮುಂಬದಿ, ಹಿಂಬದಿ ಎನ್ನುತ್ತೇನೆ. ಉದಾಹರಣೆಗೆ ಅಲೆಅಲೆಯಾಗಿ ತೂತು ಬೀಳುವ ಒಂದು ಮಫ್ಲರ್ ತೆಗೆದುಕೊಂಡಿದ್ದೇನೆ. ಹೊಸಬರು ಹೆಚ್ಚಾಗಿ ಕೇಳುವುದೂ, ಹೆಚ್ಚಾಗಿ ಕೈಬಿಡುವುದೂ ಇದನ್ನೇ.

## ಬೇಕಾದ ಸಾಮಾನು

ಗೆರೆ ಹಾಕಿದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಸ್ಕೇಲು ಇರಲಿ. ಬೇರೆ ಬಣ್ಣದ ಉಲ್ಲನ್ನಿನ ಮೂರು ಪುಟ್ಟ ಉಂಗುರ ಕಟ್ಟಿಟ್ಟುಕೊಳ್ಳಿ, ಗುರುತಿಗೆ ಬೇಕು. ಪೆನ್ನಿನಲ್ಲಿ ಬರೆಯಬೇಡಿ, ನಾಲ್ಕನೇ ಹಂತದಲ್ಲಿ ಕೆಲವು ಅಂಕಿ ಅಳಿಸಬೇಕಾಗಿ ಬರಬಹುದು.

## ಹಂತ 1: ಫೋಟೊ ಓದುವಂತಿದೆಯೇ ನೋಡಿ

ಮಳೆಗಾಲದ ಮಲೆನಾಡಿನಲ್ಲಿ ಮನೆಯೊಳಗಿನ ಬೆಳಕು ಸಾಲದು. ಹಾಳೆ ನಿಮ್ಮ ಹತ್ತಿರವೇ ಇದ್ದರೆ ಜಗುಲಿಗೋ ಕಿಟಕಿ ಪಕ್ಕಕ್ಕೋ ತಂದು, ಮಡಿಕೆ ಬಿಡಿಸಿ ಸಮತಟ್ಟಾಗಿ ಹರವಿ, ಫೋನನ್ನು ನೇರ ಮೇಲಿನಿಂದ ಹಿಡಿದು ತೆಗೆಯಿರಿ. ನುಣುಪು ಕಾಗದವಾದರೆ ಫ್ಲ್ಯಾಶ್ ಬೇಡ, ಬಿಳಿ ಕಲೆಯಾಗಿ ಎರಡು ಸಾಲನ್ನೇ ನುಂಗುತ್ತದೆ. ಬೇರೆಯವರು ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನಿ. ಫೋಟೊ ಆಗಿ ಬಂದರೆ ಅದು ಕುಗ್ಗಿ ಬರುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ.

ಹಾಳೆಯ ಎಲ್ಲ ಭಾಗವೂ ಬೇಕು. ಸಂಕ್ಷೇಪಗಳ ಪಟ್ಟಿ ಸಾಮಾನ್ಯವಾಗಿ ಬೇರೆ ಮೂಲೆಯಲ್ಲೋ ಹಿಂದಿನ ಪುಟದಲ್ಲೋ ಇರುತ್ತದೆ, ಕಳಿಸುವವರು ಅದನ್ನು ಬಿಟ್ಟಿರುತ್ತಾರೆ. ಹೆಣೆದು ಮುಗಿದ ವಸ್ತುವಿನ ಚಿತ್ರವನ್ನೂ ಕೇಳಿ ತರಿಸಿ. ಅದು ಅಲಂಕಾರಕ್ಕಲ್ಲ, ಮೂರನೇ ಹಂತದಲ್ಲಿ ಸಾಕ್ಷಿಗೆ ಬೇಕಾಗುತ್ತದೆ.

## ಹಂತ 2: ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿ

ಈಗಲೇ ಕನ್ನಡಕ್ಕೆ ತರಲು ಹೋಗಬೇಡಿ. ಅಲ್ಪವಿರಾಮ, ಆವರಣ, ನಕ್ಷತ್ರ ಒಂದನ್ನೂ ಬಿಡದೆ ಎಡ ಪುಟದಲ್ಲಿ ಹಾಗೇ ಇಳಿಸಿ. ಓದಲಾಗದ ಕಡೆ ಊಹೆ ಮಾಡದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ನಮ್ಮ ಮಫ್ಲರಿನ ಹಾಳೆ ಮೂರನೇ ಸಾಲಿನ ಮೇಲೇ ಮಡಚಿತ್ತು, ಹಾಗಾಗಿ ಒಂದು ಅಂಕಿ ಅಳಿಸಿಹೋಗಿತ್ತು:

```
Size 8 needles. CO 42 sts. K 4 rows.
Row 1 (RS): K.
Row 2: K3, P to last 3 sts, K3.
Row 3: K3, *(K2tog) 3 times, (yo, K1) ? times,
       (K2tog) 3 times; rep from * to last 3 sts, K3.
Row 4: K.
Rep Rows 1-4 until work measures 120 cm,
ending with Row 4. K 4 rows. BO loosely.
```

ನಕಲು ಮಾಡುವಾಗ ಕಣ್ಣು ಮೋಸಹೋಗುವ ಜಾಗಗಳು ಕೆಲವೇ. `K1` ಎಂಬಲ್ಲಿನ ಒಂದು ಅಂಕಿ ಅಕ್ಷರದ ಹಾಗೆ ಕಾಣುತ್ತದೆ. 3 ಮತ್ತು 8, 5 ಮತ್ತು 6 ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವುದು ನಕ್ಷತ್ರ ಚಿಹ್ನೆ, ಯಾಕೆಂದರೆ ಅದು ಕಾಗದದ ಮೇಲಿನ ಚುಕ್ಕೆಯ ಹಾಗೇ ಇರುತ್ತದೆ. ಸಾಲಿನಲ್ಲಿ `rep from *` ಇದ್ದು ಅದಕ್ಕೂ ಮುಂಚೆ ಎಲ್ಲೂ ನಕ್ಷತ್ರ ಕಾಣದಿದ್ದರೆ, ನೀವು ಅದನ್ನು ಬಿಟ್ಟಿದ್ದೀರಿ ಎಂದೇ ತಿಳಿದು ಮತ್ತೆ ಹುಡುಕಿ.

## ಹಂತ 3: ಹಾಳೆ ಯಾವ ದೇಶದ್ದು ತಿಳಿದು, ಸಂಕ್ಷೇಪ ಬಿಡಿಸಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಿದವರ ಮಫ್ಲರ್ ಬಿಗಿಯಾಗಿ, ಅಗಲ ಕಡಿಮೆಯಾಗಿ ಬರುತ್ತದೆ.

ಚಿಕ್ಕಮಗಳೂರಾಗಲಿ ಹಾಸನವಾಗಲಿ, ನಮ್ಮ ಅಂಗಡಿಗಳ ಕಡ್ಡಿ ನಂಬರ್ ಹಳೆಯ ಬ್ರಿಟಿಷ್ ಲೆಕ್ಕದ್ದು. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ. ನಮ್ಮ 8ನೇ ನಂಬರ್ 4 ಮಿಲಿಮೀಟರ್, ಅವರ 8ನೇ ನಂಬರ್ 5 ಮಿಲಿಮೀಟರ್. ತಮಾಷೆಯೆಂದರೆ ನಮ್ಮ 6 ಅವರ 8, ನಮ್ಮ 8 ಅವರ 6. ಹಾಗಾಗಿ "ಎಂಟನೇ ನಂಬರ್ ಕೊಡಿ" ಎಂದು ಕೇಳಿ ತಂದರೆ ಅಂಗಡಿಯವರದೂ ತಪ್ಪಿರುವುದಿಲ್ಲ, ಹಾಳೆಯದೂ ತಪ್ಪಿರುವುದಿಲ್ಲ, ಹೆಣಿಗೆ ಮಾತ್ರ ಬಿಗಿಯಾಗುತ್ತದೆ.

ಹಾಳೆ ಯಾವ ಕಡೆಯದು ಎಂದು ಅದರ ಪದಗಳೇ ಹೇಳುತ್ತವೆ. ಕೊನೆಯಲ್ಲಿ `BO` ಅಥವಾ `bind off`, ಅಳತೆಯ ಕಡೆ `gauge` ಎಂದಿದ್ದರೆ ಅಮೆರಿಕದ್ದು. `cast off`, `tension` ಎಂದಿದ್ದರೆ ಬ್ರಿಟಿಷ್. ನಮ್ಮ ಹಾಳೆಯಲ್ಲಿ `BO` ಇದೆ, ಆದ್ದರಿಂದ ಬೇಕಾದದ್ದು 5 ಮಿ.ಮೀ. ಕಡ್ಡಿ, ಅಂದರೆ ಅಂಗಡಿಯಲ್ಲಿ 6ನೇ ನಂಬರ್. ನೋಟ್‌ಬುಕ್ಕಿನಲ್ಲಿ ನಂಬರ್ ಬರೆಯಲೇಬೇಡಿ, ಮಿಲಿಮೀಟರ್ ಮಾತ್ರ ಬರೆಯಿರಿ. ದಾರ ಕೊಳ್ಳುವಾಗಲೂ ಲೇಬಲ್ಲಿನ ಮೇಲೆ 4.5ರಿಂದ 5 ಮಿ.ಮೀ. ಕಡ್ಡಿ ಎಂದಿದೆಯೇ ನೋಡಿ.

ಈಗ ಹಾಳೆಯಲ್ಲಿರುವ ಸಂಕ್ಷೇಪಗಳನ್ನು ಮಾತ್ರ ಬಲ ಪುಟದ ಮೇಲ್ಭಾಗದಲ್ಲಿ ಬಿಡಿಸಿ. ಜಗತ್ತಿನ ಸಂಕ್ಷೇಪಗಳೆಲ್ಲ ಬೇಡ.

- `CO`: ಕಡ್ಡಿಗೆ ಕುಣಿಕೆ ಹಾಕುವುದು. `BO`: ಕುಣಿಕೆ ಮುಚ್ಚುವುದು.
- `st`, `sts`: ಕುಣಿಕೆ, ಕುಣಿಕೆಗಳು. `RS`: ಮುಂಬದಿ ನಿಮ್ಮ ಎದುರಿಗಿರುವ ಸಾಲು.
- `K`: ಸೀದಾ. `P`: ಉಲ್ಟಾ. ಪಕ್ಕದಲ್ಲಿ ಬರೀ ಅಂಕಿ ಇದ್ದರೆ ಅಷ್ಟು ಕುಣಿಕೆ, `K 4 rows` ಎಂದಿದ್ದರೆ ಅಷ್ಟು ಸಾಲು. ಏನೂ ಇಲ್ಲದಿದ್ದರೆ ಸಾಲು ಮುಗಿಯುವವರೆಗೆ.
- `K2tog`: ಎರಡು ಕುಣಿಕೆಗೆ ಒಟ್ಟಿಗೆ ಕಡ್ಡಿ ತೂರಿಸಿ ಒಂದೇ ಸೀದಾ ಹೆಣೆಯುವುದು.
- `yo`: ಎರಡು ಕಡ್ಡಿಗಳ ನಡುವಿನಿಂದ ದಾರವನ್ನು ನಿಮ್ಮ ಕಡೆಗೆ ತಂದು, ಹಾಗೇ ಮುಂದಿನ ಕುಣಿಕೆಯನ್ನು ಸೀದಾ ಹೆಣೆಯುವುದು. ದಾರ ಬಲಗಡ್ಡಿಯ ಮೇಲೆ ಹಾದು ಒಂದು ಹೊಸ ಕುಣಿಕೆ, ಅದರಡಿ ಒಂದು ತೂತು ಆಗುತ್ತದೆ.

ಹೊಸಬರಿಗಾಗಿ ಬರೆಯುವಾಗ `yo` ಎಂಬುದನ್ನು "ದಾರ ಮುಂದೆ" ಎಂದಷ್ಟೇ ಬರೆದು ಬಿಡಬೇಡಿ. ಅವರು ಉಲ್ಟಾ ಹೆಣೆಯಲು ದಾರ ತರುವುದೆಂದು ತಿಳಿದು, ಮುಂದೆ ತಂದ ದಾರವನ್ನು ಮತ್ತೆ ಹಿಂದಕ್ಕೆ ಒಯ್ದು ಸೀದಾ ಹೆಣೆಯುತ್ತಾರೆ. ಹೊಸ ಕುಣಿಕೆ ಹುಟ್ಟುವುದೇ ಇಲ್ಲ. "ದಾರ ಮುಂದೆ ತಂದು, ಮುಂದೆಯೇ ಬಿಟ್ಟು, 1 ಸೀದಾ" ಎಂದು ಬರೆಯಿರಿ.

ಬ್ರಿಟಿಷ್ ಹಾಳೆಯಾದರೆ `yo` ಬದಲು `yfwd` ಅಥವಾ `wl fwd` ಕಾಣುತ್ತದೆ. ಎರಡು ಸೀದಾ ಕುಣಿಕೆಗಳ ನಡುವೆ ಬಂದಾಗ ಕೆಲಸ ಇದೇ. ಎಚ್ಚರ ಬೇಕಾದದ್ದು `M1` ಕಂಡಾಗ. ಹಳೆಯ ಕೆಲವು ಹಾಳೆಗಳಲ್ಲಿ ಅದಕ್ಕೂ ಇದೇ ಅರ್ಥ. ಈಗಿನವುಗಳಲ್ಲಿ ಎರಡು ಕುಣಿಕೆಗಳ ನಡುವಿನ ಅಡ್ಡ ದಾರವನ್ನು ಎತ್ತಿ ತಿರುಚಿ ಹೆಣೆಯುವುದು, ಅಲ್ಲಿ ತೂತು ಬೀಳುವುದಿಲ್ಲ. ಹೇಗೆ ಮಾಡಿದರೂ ಒಂದು ಕುಣಿಕೆ ಹೆಚ್ಚುತ್ತದಾದ್ದರಿಂದ ಲೆಕ್ಕದಿಂದ ಇದನ್ನು ಹಿಡಿಯಲಾಗದು. ಹಾಳೆಯ ಸಂಕ್ಷೇಪ ಪಟ್ಟಿ ನೋಡಬೇಕು, ಅದಿಲ್ಲದಿದ್ದರೆ ಮುಗಿದ ವಸ್ತುವಿನ ಚಿತ್ರದಲ್ಲಿ ಆ ಜಾಗದಲ್ಲಿ ತೂತಿದೆಯೇ ನೋಡಬೇಕು.

## ಹಂತ 4: ಪ್ರತಿ ಸಾಲಿಗೆ ಖರ್ಚು–ಜಮಾ ಹಾಕಿ

ಪ್ರತಿ ಕ್ರಿಯೆಗೂ ಎರಡು ಅಂಕಿ ಇರುತ್ತವೆ. ಎಡಗಡ್ಡಿಯಿಂದ ಎಷ್ಟು ಕುಣಿಕೆ ತೆಗೆದುಕೊಂಡಿತು ಎಂಬುದು ಖರ್ಚು. ಬಲಗಡ್ಡಿಯಲ್ಲಿ ಎಷ್ಟು ಕೂತವು ಎಂಬುದು ಜಮಾ. ಸೀದಾ, ಉಲ್ಟಾ ಎರಡಕ್ಕೂ ಖರ್ಚು 1, ಜಮಾ 1. `K2tog` ಖರ್ಚು 2, ಜಮಾ 1. `yo` ಖರ್ಚು ಏನೂ ಇಲ್ಲ, ಜಮಾ 1.

ಸಾಲಿನ ಒಟ್ಟು ಖರ್ಚು ಕಡ್ಡಿಯಲ್ಲಿರುವ ಕುಣಿಕೆಗಳಿಗೆ ಸರಿಯಾಗಬೇಕು. ಒಟ್ಟು ಜಮಾ ಮುಂದಿನ ಸಾಲು ಕೇಳುವಷ್ಟಿರಬೇಕು. ಎರಡರಲ್ಲಿ ಒಂದು ಸೇರದಿದ್ದರೂ ನೀವು ಓದಿದ್ದರಲ್ಲಿ ತಪ್ಪಿದೆ ಅಥವಾ ಹಾಳೆಯೇ ತಪ್ಪಾಗಿ ಅಚ್ಚಾಗಿದೆ.

ಇದೇ ಲೆಕ್ಕದಿಂದ ಮಡಿಕೆಯಲ್ಲಿ ಹೋದ ಅಂಕಿಯನ್ನೂ ವಾಪಸ್ ಪಡೆಯಬಹುದು. ಮೂರನೇ ಸಾಲಿನ ನಕ್ಷತ್ರದೊಳಗೆ ಮೊದಲ ಮೂರು `K2tog` 6 ಖರ್ಚು, 3 ಜಮಾ. ಕೊನೆಯ ಮೂರೂ ಅಷ್ಟೇ. ಸೇರಿ 12 ಖರ್ಚು, 6 ಜಮಾ, ಅಂದರೆ 6 ಕುಣಿಕೆ ಕಡಿಮೆಯಾಯಿತು. ನಾಲ್ಕನೇ ಸಾಲು ಬರೀ ಸೀದಾ. ಅದಾದ ಮೇಲೆ ಮತ್ತೆ ಮೊದಲ ಸಾಲಿಗೆ 42 ಕುಣಿಕೆಯೇ ಬೇಕು. ಹಾಗಾದರೆ ಕಡಿಮೆಯಾದ 6 ಕುಣಿಕೆ ಇದೇ ಸಾಲಿನಲ್ಲಿ ಮರಳಿ ಹುಟ್ಟಬೇಕು. ಹುಟ್ಟಿಸುವುದು `yo` ಮಾತ್ರ. ಆದ್ದರಿಂದ ಅಳಿಸಿದ ಅಂಕಿ 6.

ಇನ್ನೊಂದು ದಾರಿಯಲ್ಲೂ ಸರಿನೋಡೋಣ. ಅಂಚಿನ 3 ಮತ್ತು 3 ಕಳೆದರೆ ನಕ್ಷತ್ರದ ಭಾಗಕ್ಕೆ ಉಳಿಯುವುದು 36. ಅಂಕಿ 6 ಆದರೆ ಒಂದು ಆವರ್ತನೆಯ ಖರ್ಚು 18, ಸರಿಯಾಗಿ ಎರಡು ಆವರ್ತನೆ ಕೂರುತ್ತದೆ. 5 ಎಂದು ಓದಿಕೊಂಡರೆ ಖರ್ಚು 17, ಎರಡು ಆವರ್ತನೆ ಮುಗಿದು 2 ಕುಣಿಕೆ ಅನಾಥವಾಗಿ ಉಳಿಯುತ್ತವೆ. 8 ಎಂದರೆ ಖರ್ಚು 20, ಎರಡನೇ ಆವರ್ತನೆಗೆ 4 ಕುಣಿಕೆ ಸಾಲುವುದಿಲ್ಲ. ಈಗ ಪ್ರಶ್ನಾರ್ಥಕ ಅಳಿಸಿ 6 ಬರೆಯಿರಿ.

## ಹಂತ 5: ನಕ್ಷತ್ರ, ಆವರಣ ತೆಗೆದು ಪೂರ್ತಿ ಬಿಡಿಸಿ ಬರೆಯಿರಿ

ನಕ್ಷತ್ರದಿಂದ ಮುಂದಿನದನ್ನು ಮತ್ತೆ ಮಾಡು ಎಂದರೆ ಒಟ್ಟು ಎಷ್ಟು ಸಲ ಎಂಬುದೇ ಹೊಸಬರ ದೊಡ್ಡ ಗೊಂದಲ. "ಕೊನೆಯ 3 ಕುಣಿಕೆ ಉಳಿಯುವವರೆಗೆ" ಎಂಬ ಮಾತನ್ನು ನೀವೇ ಲೆಕ್ಕ ಮಾಡಿ ಅಂಕಿಯಾಗಿಸಿ ಕೊಡಿ. ಎರಡನೇ ಸಾಲಿನ `P to last 3 sts` ಎಂದರೆ 42ರಲ್ಲಿ 6 ಕಳೆದು 36 ಉಲ್ಟಾ. ಮೂರನೇ ಸಾಲಿನ ಆವರ್ತನೆಯನ್ನು ಎರಡು ಸಲ ಪೂರ್ತಿಯಾಗಿ ಬರೆಯಿರಿ. "ಮೇಲಿನಂತೆ" ಎಂದು ಬರೆದರೆ ಅವರ ಕಣ್ಣು ಮೇಲೆ ಹೋಗಿ ಬೇರೆ ಸಾಲಿಗೆ ಇಳಿಯುತ್ತದೆ.

ಇನ್ನೊಂದು ಸಣ್ಣ ಉಪಾಯ. ಶುರುವಿನಲ್ಲಿ ಬರೀ ಸೀದಾ ಹೆಣೆಯುವ ಪಟ್ಟಿಯ ನಾಲ್ಕು ಸಾಲಿಗೂ 1ರಿಂದ 4, ಡಿಸೈನಿನ ನಾಲ್ಕು ಸಾಲಿಗೂ 1ರಿಂದ 4 ಇದ್ದರೆ ಅದಲುಬದಲಾಗುತ್ತದೆ. ಡಿಸೈನಿನ ಸಾಲುಗಳಿಗೆ ಕ, ಖ, ಗ, ಘ ಎಂದು ಹೆಸರಿಡಿ. ಬರೆದದ್ದು ಹೀಗೆ ಬರುತ್ತದೆ:

ಆರಂಭ. 5 ಮಿ.ಮೀ. ಕಡ್ಡಿಗೆ 42 ಕುಣಿಕೆ ಹಾಕಿ.

ಪಟ್ಟಿ, ಸಾಲು 1, 2, 3, 4. ನಾಲ್ಕು ಸಾಲಿಗೂ 42 ಸೀದಾ.

ಸಾಲು ಕ (ಮುಂಬದಿ). 42 ಸೀದಾ. ಹೆಣೆಯುತ್ತಾ 3, 21, 39ನೇ ಕುಣಿಕೆಗಳಾದ ಮೇಲೆ ಒಂದೊಂದು ಬಣ್ಣದ ಉಂಗುರ ಕಡ್ಡಿಗೆ ಹಾಕಿ. ಮೊದಲ ಸಲ ಮಾತ್ರ. ಆಮೇಲೆ ಉಂಗುರ ಬಂದಾಗ ಎಡಗಡ್ಡಿಯಿಂದ ಬಲಗಡ್ಡಿಗೆ ದಾಟಿಸಿ.

ಸಾಲು ಖ (ಹಿಂಬದಿ). 3 ಸೀದಾ, 36 ಉಲ್ಟಾ, 3 ಸೀದಾ. ಒಟ್ಟು 42.

ಸಾಲು ಗ (ಮುಂಬದಿ).
3 ಸೀದಾ. ಉಂಗುರ.
ಎರಡು ಒಟ್ಟಿಗೆ ಸೀದಾ, ಹೀಗೆ 3 ಸಲ. (ಬಲಗಡ್ಡಿಯಲ್ಲಿ ಈಗ 6)
ದಾರ ಮುಂದೆ ತಂದು, ಮುಂದೆಯೇ ಬಿಟ್ಟು, 1 ಸೀದಾ, ಹೀಗೆ 6 ಸಲ. (18)
ಎರಡು ಒಟ್ಟಿಗೆ ಸೀದಾ, ಹೀಗೆ 3 ಸಲ. (21) ಉಂಗುರ.
ಎರಡು ಒಟ್ಟಿಗೆ ಸೀದಾ, ಹೀಗೆ 3 ಸಲ. (24)
ದಾರ ಮುಂದೆ ತಂದು, ಮುಂದೆಯೇ ಬಿಟ್ಟು, 1 ಸೀದಾ, ಹೀಗೆ 6 ಸಲ. (36)
ಎರಡು ಒಟ್ಟಿಗೆ ಸೀದಾ, ಹೀಗೆ 3 ಸಲ. (39) ಉಂಗುರ.
3 ಸೀದಾ. (42)

ಸಾಲು ಘ (ಹಿಂಬದಿ). 42 ಸೀದಾ. ದಾರ ಮುಂದೆ ತಂದಾಗ ಹುಟ್ಟಿದ ಓರೆ ಎಳೆಗಳೂ ಕುಣಿಕೆಗಳೇ; ಅವನ್ನೂ ಒಂದೊಂದಾಗಿ ಹೆಣೆಯಿರಿ.

ಮತ್ತೆ ಕ, ಖ, ಗ, ಘ. 120 ಸೆಂ.ಮೀ. ಆಗುವವರೆಗೆ, ಯಾವಾಗಲೂ ಘ ಮುಗಿಸಿಯೇ ನಿಲ್ಲಿಸಿ. ನಂತರ 4 ಸಾಲು 42 ಸೀದಾ, ಸಡಿಲವಾಗಿ ಮುಚ್ಚಿ.

ಇಲ್ಲಿ ಎರಡು ಜಾಗದಲ್ಲಿ ಹೊಸಬರು ಪ್ಯಾಟರ್ನೇ ತಪ್ಪು ಎಂದುಕೊಳ್ಳುತ್ತಾರೆ, ಅಲ್ಲೇ ಪಕ್ಕದಲ್ಲಿ ಒಂದು ಮಾತು ಬರೆದಿಡಿ. ಮೊದಲನೆಯದು ಗ ಸಾಲಿನ ನಡುವೆ. ಮೊದಲ ಆವರ್ತನೆಯ ಕೊನೆಯ ಮೂರು, ಎರಡನೆಯದರ ಮೊದಲ ಮೂರು ಸೇರಿ "ಎರಡು ಒಟ್ಟಿಗೆ" ಎಂಬುದು ಒಂದರ ಹಿಂದೆ ಒಂದು ಆರು ಸಲ ಬರುತ್ತದೆ. "ಆರು ಸಲ ಬರ್ತಿದೆ, ನೀವು ಎರಡು ಸಲ ಬರೆದುಬಿಟ್ರಾ?" ಎಂದು ಫೋನ್ ಬರುವುದು ಖಂಡಿತ. ಆರು ಸಲವೇ ಸರಿ. ಅಲ್ಲಿ ಬಟ್ಟೆ ಕುಗ್ಗಿ, ದಾರ ಮುಂದೆ ತಂದ ಕಡೆ ಹಿಗ್ಗುವುದರಿಂದಲೇ ಅಲೆ ಏಳುತ್ತದೆ. ಎರಡನೆಯದು ಘ ಸಾಲು. ಹಿಂಬದಿಯ ಸಾಲೆಂದರೆ ಉಲ್ಟಾ ಎಂಬ ಅಭ್ಯಾಸಕ್ಕೆ ಅದನ್ನೂ ಉಲ್ಟಾ ಹೆಣೆದುಬಿಡುತ್ತಾರೆ. ಘ ಸಾಲು ಸೀದಾ ಇದ್ದರೇ ಮುಂಬದಿಯಲ್ಲಿ ಏಣು ಮೂಡುವುದು.

ಕದಿಂದ ಘವರೆಗಿನ ನಾಲ್ಕು ಸಾಲು ಸೇರಿ ಒಂದು ಸುತ್ತು. 120 ಸೆಂಟಿಮೀಟರಿಗೆ ಎಷ್ಟು ಸುತ್ತು ಎಂದು ಮೊದಲೇ ಅಂಕಿ ಕೊಡಬೇಡಿ, ಒಬ್ಬೊಬ್ಬರ ಕೈ ಬಿಗಿ ಒಂದೊಂದು ಥರ. ಹತ್ತು ಸುತ್ತು ಹೆಣೆದ ಮೇಲೆ ಮೇಜಿನ ಮೇಲೆ ಹರವಿ, ಎಳೆಯದೆ, ಆ ಹತ್ತು ಸುತ್ತನ್ನು ಅಳೆಯಲು ಹೇಳಿ. 16 ಸೆಂ.ಮೀ. ಬಂದರೆ ಸುತ್ತಿಗೆ 1.6, ಒಟ್ಟು ಸುಮಾರು 75 ಸುತ್ತು. ನೋಟ್‌ಬುಕ್ಕಿನಲ್ಲಿ ಕ, ಖ, ಗ, ಘ ಎಂದು ನಾಲ್ಕು ಕಾಲಂ ಹಾಕಿಕೊಟ್ಟರೆ ಮುಗಿಸಿದ ಸಾಲಿಗೆ ಗೀಟು ಹಾಕುತ್ತಾ ಹೋಗುತ್ತಾರೆ. ಕರೆಂಟು ಹೋದರೂ, ಒಲೆ ಮೇಲಿನ ಹಾಲು ಉಕ್ಕಿದರೂ, ಎಲ್ಲಿ ಬಿಟ್ಟೆ ಎಂಬುದು ಉಳಿಯುತ್ತದೆ.

## ಹಂತ 6: ಒಂದು ತುಂಡು ಹೆಣೆದು ಪರೀಕ್ಷಿಸಿ

ಬರೆದದ್ದನ್ನು ಬೇರೆಯವರಿಗೆ ಕೊಡುವ ಮೊದಲು ಒಂದೇ ಆವರ್ತನೆಯ ತುಂಡು ಹೆಣೆಯಿರಿ. 18ಕ್ಕೆ ಅಂಚಿನ 6 ಸೇರಿಸಿ 24 ಕುಣಿಕೆ ಸಾಕು. ಪಟ್ಟಿಯ ನಾಲ್ಕು ಸಾಲು, ಆಮೇಲೆ ಕ–ಘ ಮೂರು ಸುತ್ತು. ಫೋನನ್ನು ಬೇರೆ ಕೋಣೆಯಲ್ಲಿಟ್ಟು, ನೀವು ಬರೆದದ್ದನ್ನು ಮಾತ್ರ ನೋಡಿಕೊಂಡು ಹೆಣೆಯಬೇಕು. ಫೋಟೊ ನೋಡಬೇಕು ಅನ್ನಿಸಿದ ಜಾಗ ಯಾವುದೋ, ಅಲ್ಲಿ ಬರವಣಿಗೆ ಕಡಿಮೆಯಾಗಿದೆ ಎಂದರ್ಥ. ನನ್ನ ಕೇಳಿದರೆ ತುಂಡನ್ನು ನೀವು ಹೆಣೆಯುವುದಕ್ಕಿಂತ, ಈ ಪ್ಯಾಟರ್ನ್ ನೋಡಿಯೇ ಇಲ್ಲದ ನಾದಿನಿಗೋ ಪಕ್ಕದ ಮನೆಯವರಿಗೋ ಕೊಟ್ಟು ಹೆಣೆಸುವುದು ಮೇಲು. ಅವರು ಎಲ್ಲಿ ಕೈ ನಿಲ್ಲಿಸುತ್ತಾರೆ ನೋಡುತ್ತಾ ಕೂತಿರಿ, ಹೇಳಿಕೊಡಬೇಡಿ.

## ಹೆಣೆಯುವಾಗ ಕಾಣುವ ಸೂಚನೆಗಳು

ಗ ಸಾಲು ಮುಗಿದ ಕೂಡಲೇ ಉಂಗುರಗಳ ನಡುವೆ ಎಣಿಸುವ ಅಭ್ಯಾಸ ಮಾಡಿಸಿ. ಎರಡು ಕಡೆಯೂ 18 ಇರಬೇಕು. ಪೂರ್ತಿ 42 ಎಣಿಸುವುದಕ್ಕಿಂತ ಇದು ಸುಲಭ, ತಪ್ಪು ಯಾವ ಭಾಗದಲ್ಲಿದೆ ಎಂಬುದೂ ತಿಳಿಯುತ್ತದೆ.

ಒಂದು ಭಾಗದಲ್ಲಿ 17 ಇದ್ದರೆ ದಾರ ಮುಂದೆ ತರುವುದು ಒಂದು ಸಲ ಬಿಟ್ಟುಹೋಗಿರುವ ಸಂಭವವೇ ಹೆಚ್ಚು. ಸಾಮಾನ್ಯವಾಗಿ ಅದು ಮೊದಲನೆಯದು, ಎರಡು ಒಟ್ಟಿಗೆ ಹೆಣೆದ ಮೇಲೆ ದಾರ ಹಿಂದೆಯೇ ಉಳಿದಿರುತ್ತದೆ. ಬಿಚ್ಚಬೇಕಿಲ್ಲ. ಘ ಸಾಲಿನಲ್ಲಿ ಆ ಜಾಗಕ್ಕೆ ಬಂದಾಗ ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎಡಗಡ್ಡಿಯಿಂದ ಎತ್ತಿ ಸೀದಾ ಹೆಣೆದರೆ ಸರಿ. ತೂತು ಉಳಿದವಕ್ಕಿಂತ ತುಸು ಸಣ್ಣದಾಗುತ್ತದೆ, ಕುತ್ತಿಗೆಗೆ ಸುತ್ತಿದ ಮೇಲೆ ಯಾರಿಗೂ ಕಾಣುವುದಿಲ್ಲ.

19 ಇದ್ದರೆ ಎರಡು ಸಾಧ್ಯತೆ. ಆರನೇ ಸೀದಾ ಆದ ಮೇಲೂ ದಾರ ಮುಂದೆಯೇ ಇದ್ದು, "ಎರಡು ಒಟ್ಟಿಗೆ"ಯ ಮುಂಚೆ ಒಂದು ಓರೆ ಎಳೆ ಕೂತಿರಬಹುದು. ಅದನ್ನು ಘ ಸಾಲಿನಲ್ಲಿ ಕಡ್ಡಿಯಿಂದ ಜಾರಿಸಿಬಿಡಿ. ಹಾಗಿಲ್ಲದಿದ್ದರೆ ಎಲ್ಲೋ ಎರಡರ ಬದಲು ಒಂದೇ ಕುಣಿಕೆ ಹೆಣೆದಿದ್ದೀರಿ. ಆಗ ಆ ಜಾಗದವರೆಗೆ ಒಂದೊಂದೇ ಕುಣಿಕೆ ಹಿಂದಕ್ಕೆ ಬಿಚ್ಚುವುದೇ ದಾರಿ. ಉಪಾಯ ಮಾಡಿ ಘ ಸಾಲಿನಲ್ಲಿ ಎಲ್ಲೋ ಒಂದು ಕಡಿಮೆ ಮಾಡಿದರೆ ಮುಂದಿನ ಸುತ್ತಿನಲ್ಲಿ ಅಲೆ ಓರೆಯಾಗಿ ಎದ್ದು ಕಾಣುತ್ತದೆ.

ಲೆಕ್ಕವೆಲ್ಲ ಸರಿಯಿದ್ದೂ ತೂತುಗಳು ಮುಚ್ಚಿಕೊಂಡಿದ್ದರೆ ಘ ಸಾಲಿನಲ್ಲಿ ಓರೆ ಎಳೆಗಳನ್ನು ಹಿಂದಿನ ಕಾಲಿನಿಂದ ಹೆಣೆಯುತ್ತಿದ್ದಾರೆ, ಎಳೆ ತಿರುಚಿಕೊಳ್ಳುತ್ತಿದೆ. ಮುಂದಿನ ಕಾಲಿನಿಂದ ಕಡ್ಡಿ ತೂರಿಸಬೇಕು. ಆಗಲೇ ಹತ್ತಿಪ್ಪತ್ತು ಸುತ್ತು ಹೀಗೇ ಆಗಿದ್ದರೆ ಎರಡರಲ್ಲಿ ಒಂದು ಮಾಡಿ: ಪೂರ್ತಿ ಬಿಚ್ಚಿ, ಇಲ್ಲವೇ ಕೊನೆಯವರೆಗೂ ಹಾಗೇ ಹೆಣೆಯಿರಿ. ಅರ್ಧದಿಂದ ಸರಿಮಾಡಿದರೆ ಒಂದೇ ಮಫ್ಲರಿನಲ್ಲಿ ಎರಡು ಡಿಸೈನ್ ಆಗುತ್ತದೆ.